ಒಂದು ಕಂದುಗುಲಾಬಿ ಲಿಪ್‌ಸ್ಟಿಕ್, ಮೂರು ಮೈಬಣ್ಣ: ಯಂತ್ರರಚಿತ ಚಿತ್ರದಲ್ಲಿ ಶೇಡ್ ಕೆಡದಂತೆ ನೋಡಿಕೊಂಡ ಪ್ರಕರಣ

ಬೆಂಗಳೂರಿನ ಒಂದು ಸಣ್ಣ ಸೌಂದರ್ಯವರ್ಧಕ ಸಂಸ್ಥೆ ತನ್ನ ಮ್ಯಾಟ್ ಲಿಪ್‌ಸ್ಟಿಕ್‌ಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಿತ್ತು. ಪ್ರತಿ ಶೇಡ್‌ಗೂ ಮೂರು ಬಗೆಯ ಮೈಬಣ್ಣದ ಮುಂಗೈ ಮೇಲೆ ಎಳೆದ ಬಣ್ಣದ ಪಟ್ಟಿ, ಅಂದರೆ ಸ್ವಾಚ್, ಮತ್ತು ತುಟಿಗೆ ಹಚ್ಚಿಕೊಂಡ ಒಂದು ಹತ್ತಿರದ ಚಿತ್ರ ಇರಬೇಕೆಂಬುದು ಅದರ ಒಡತಿಯ ಬಯಕೆಯಾಗಿತ್ತು. ಅಷ್ಟೊಂದು ರೂಪದರ್ಶಿಯರನ್ನು ಕರೆಸಿ ಚಿತ್ರೀಕರಿಸುವ ವೆಚ್ಚವನ್ನು ಭರಿಸಲಾಗದೆ, ಬರಹದ ಸೂಚನೆಯಿಂದ ಚಿತ್ರ ರಚಿಸುವ ಡಿಫ್ಯೂಷನ್ ಮಾದರಿಯೊಂದನ್ನು ಆಕೆ ಬಳಸತೊಡಗಿದ್ದರು. ಚಿತ್ರಗಳೇನೋ ಆಕರ್ಷಕವಾಗಿಯೇ ಬಂದವು. ಆದರೆ ಕಂದು ಬೆರೆತ ಗುಲಾಬಿ ಬಣ್ಣದ ಒಂದು ಶೇಡ್ ಬಗ್ಗೆ ಕೊಂಡವರಿಂದ ಒಂದೇ ದೂರು ಬರತೊಡಗಿತು: ಚಿತ್ರದಲ್ಲಿ ಕಂಡದ್ದು ಹೊಳೆಯುವ ಗುಲಾಬಿಗೆಂಪು, ಡಬ್ಬಿ ತೆರೆದಾಗ ಸಿಕ್ಕಿದ್ದು ಮಂಕಾದ ಕಂದು. ಆ ಶೇಡ್‌ನ ಚಿತ್ರಗಳನ್ನು ಸರಿಪಡಿಸುವ ಕೆಲಸ, ಉತ್ಪನ್ನಗಳ ಛಾಯಾಗ್ರಹಣ ಮತ್ತು ಬಣ್ಣ ತಿದ್ದುವಿಕೆಯಲ್ಲಿ ತೊಡಗಿರುವ ನನ್ನ ಬಳಿಗೆ ಬಂತು. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಶೇಡ್‌ನ ಮಾರಾಟದ ಹೆಸರನ್ನೂ ಬದಲಿಸಿ ‘ಸಂಜೆ ಗುಲಾಬಿ’ ಎಂದಿಟ್ಟುಕೊಂಡಿದ್ದೇನೆ.

ಯಂತ್ರಕ್ಕೆ ಏನು ಹೇಳಬೇಕೆಂದು ಯೋಚಿಸುವ ಮೊದಲು, ನಿಜವಾದ ಲಿಪ್‌ಸ್ಟಿಕ್‌ನ ಬಣ್ಣ ಯಾವುದೆಂದು ತೀರ್ಮಾನಿಸಬೇಕಿತ್ತು. ಇದು ಕಾಣುವಷ್ಟು ಸುಲಭದ ಪ್ರಶ್ನೆಯಲ್ಲ. ಡಬ್ಬಿಯಲ್ಲಿರುವ ಕಡ್ಡಿ, ಅಂದರೆ ಬುಲೆಟ್, ನುಣುಪಾಗಿ ಹೊಳೆಯುತ್ತದೆ ಮತ್ತು ದಪ್ಪವಾಗಿರುವುದರಿಂದ ತುಸು ಗಾಢವಾಗಿ ಕಾಣುತ್ತದೆ. ಅದನ್ನೇ ಚರ್ಮದ ಮೇಲೆ ತೆಳುವಾಗಿ ಎಳೆದರೆ ಬೇರೆ ಬಣ್ಣ, ಎರಡು ಮೂರು ಬಾರಿ ಎಳೆದರೆ ಮತ್ತೊಂದು. ಹೀಗಾಗಿ ಮೊದಲು ಲೇಪದ ಮುಚ್ಚುವ ಶಕ್ತಿಯನ್ನು ಪರೀಕ್ಷಿಸಿದೆವು. ಬಣ್ಣದ ಕಾರ್ಖಾನೆಗಳಲ್ಲಿ ಬಳಸುವಂಥ, ಅರ್ಧ ಕಪ್ಪು ಅರ್ಧ ಬಿಳಿ ಇರುವ ರಟ್ಟಿನ ಮೇಲೆ ಒಂದೇ ಎಳೆತದಲ್ಲಿ ಲಿಪ್‌ಸ್ಟಿಕ್ ಹಚ್ಚಿ, ಎರಡೂ ಭಾಗಗಳಲ್ಲಿ ಅದು ಒಂದೇ ಬಣ್ಣವಾಗಿ ಕಾಣುತ್ತದೆಯೇ ಎಂದು ನೋಡುವುದು ಇದರ ವಿಧಾನ. ಮೊದಲ ಎಳೆತದಲ್ಲಿ ಕಪ್ಪಿನ ಭಾಗ ಸ್ವಲ್ಪ ಇಣುಕಿತು. ಅದರ ಮೇಲೆ ಇನ್ನೊಮ್ಮೆ ಎಳೆದಾಗ ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲ. ಹಾಗಾಗಿ ಇದನ್ನು ಪೂರ್ತಿ ಮುಚ್ಚುವ ಲೇಪವೆಂದು ಪರಿಗಣಿಸಿ, ಎರಡು ಪದರದ ಸ್ವಾಚನ್ನೇ ಪ್ರಮಾಣವಾಗಿ ಇಟ್ಟುಕೊಂಡೆವು. ಪೊಟ್ಟಣದ ಮೇಲಿನ ಘಟಕಗಳ ಪಟ್ಟಿಯೂ ಇದಕ್ಕೆ ಹೊಂದುವಂತಿತ್ತು: ಕಬ್ಬಿಣದ ಆಕ್ಸೈಡ್‌ಗಳು (CI 77491 ಮತ್ತು ಅದರ ಸಂಗಡಿಗರು) ಹಾಗೂ ಟೈಟಾನಿಯಂ ಡೈಆಕ್ಸೈಡ್ (CI 77891), ಜೊತೆಗೆ ಕೆಂಪು ಕೊಡುವ CI 15850. ಮೊದಲನೆಯದು ಮಣ್ಣಿನ ಕಂದನ್ನು ತರುತ್ತದೆ, ಎರಡನೆಯದು ಮುಚ್ಚುವ ಬಲವನ್ನೂ ಬಿಳಿಯನ್ನೂ ಸೇರಿಸಿ ಕೆಂಪಿನ ತೀವ್ರತೆಯನ್ನು ಇಳಿಸುತ್ತದೆ. ಶೇಡ್ ಮಂಕಾಗಿರುವುದು ದೋಷವಲ್ಲ, ಅದರ ರಚನೆಯೇ ಹಾಗಿದೆ ಎಂಬುದು ಇದರಿಂದ ಖಚಿತವಾಯಿತು.

ಅಳತೆಗೆ ಮುಂಗೈನ ಒಳಭಾಗದ ಸ್ವಾಚನ್ನು ಬಿಸಿಲು ನೇರವಾಗಿ ಬೀಳದ ಕಿಟಕಿಯ ಬಳಿ, 24 ಬಣ್ಣದ ಚೌಕಗಳಿರುವ ಕಲರ್‌ಚೆಕರ್ ಫಲಕದ ಪಕ್ಕದಲ್ಲಿ ಇಟ್ಟು, ಕ್ಯಾಮೆರಾ ಬಣ್ಣ ತಿದ್ದದ ರಾ ಕಡತವಾಗಿ ಚಿತ್ರ ತೆಗೆದೆವು. ಫಲಕದ ಬೂದು ಚೌಕದಿಂದ ಬಿಳಿ ಸಮತೋಲನ ಮಾಡಿ, ಹೊಳಪಿನ ಚುಕ್ಕೆಗಳನ್ನು ಬಿಟ್ಟು ಸ್ವಾಚ್‌ನ ನಡುಭಾಗದ ಬಣ್ಣವನ್ನು ಲ್ಯಾಬ್ ಪದ್ಧತಿಯಲ್ಲಿ ಓದಿದೆವು. ಈ ಪದ್ಧತಿಯನ್ನು ಅರಿಯದವರಿಗಾಗಿ ಒಂದು ಮಾತು: ಇದರಲ್ಲಿ `L*` ಎಂಬುದು ಬಣ್ಣದ ತಿಳಿತನ, 0 ಎಂದರೆ ಕಪ್ಪು, 100 ಎಂದರೆ ಬಿಳಿ, `a*` ಹೆಚ್ಚಿದಷ್ಟು ಬಣ್ಣ ಕೆಂಪಿನತ್ತ, `b*` ಹೆಚ್ಚಿದಷ್ಟು ಹಳದಿಯತ್ತ ಸರಿಯುತ್ತದೆ. ನಮ್ಮ ಸ್ವಾಚ್‌ನ ಅಂಕಗಳು 42, 27, 14. ಪರದೆಯ ಭಾಷೆಯಲ್ಲಿ, ಅಂದರೆ ಹೆಕ್ಸ್ ಸಂಕೇತದಲ್ಲಿ, ಇದು ಸುಮಾರು `#92514D`. ಎರಡು ಬಣ್ಣಗಳ ನಡುವಿನ ಅಂತರವನ್ನು ಈ ಮೂರು ಅಂಕಗಳ ವ್ಯತ್ಯಾಸಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದು ತಿಳಿಯಬಹುದು. ಇದಕ್ಕಿಂತ ಸೂಕ್ಷ್ಮವಾದ CIEDE2000 ಸೂತ್ರವೂ ಇದೆ, ಆದರೆ ಕೈಲೆಕ್ಕಕ್ಕೆ ಸಿಗುವ ಸರಳ ಸೂತ್ರ ಈ ಕೆಲಸಕ್ಕೆ ಸಾಕಾಗುತ್ತದೆ.

ಇನ್ನು ಸಂಸ್ಥೆಯವರು ಬಳಸುತ್ತಿದ್ದ ಸೂಚನೆಯನ್ನು ನೋಡೋಣ.

```
Sanje Gulabi lipstick swatch on Indian woman's arm,
dusty rose, #92514D, golden hour, luxury, glowing skin
```

ಈ ಸೂಚನೆಯಿಂದ ಬಂದ ಚಿತ್ರದ ಸ್ವಾಚನ್ನು ಅಳೆದಾಗ ಸಿಕ್ಕ ಅಂಕಗಳು 50, 44, 20. ಅಂದರೆ 8 ಅಂಕ ತಿಳಿ, 17 ಅಂಕ ಹೆಚ್ಚು ಕೆಂಪು, 6 ಅಂಕ ಹೆಚ್ಚು ಹಳದಿ; ಒಟ್ಟು ಅಂತರ ಸುಮಾರು 20. ಪಕ್ಕಪಕ್ಕ ಇಟ್ಟರೆ ಎರಡು ಬೇರೆ ಬೇರೆ ಲಿಪ್‌ಸ್ಟಿಕ್‌ಗಳೆಂದೇ ಯಾರಾದರೂ ಹೇಳುವಷ್ಟು ದೊಡ್ಡ ಅಂತರ ಇದು. ಬಣ್ಣದ ಸಂಕೇತವನ್ನು ಅಷ್ಟು ನಿಖರವಾಗಿ ಬರೆದುಕೊಟ್ಟ ಮೇಲೂ ಹೀಗೇಕಾಯಿತು ಎಂಬುದೇ ಒಡತಿಯ ದೊಡ್ಡ ಬೆರಗಾಗಿತ್ತು.

ಕಾರಣ ಒಂದಲ್ಲ. ಹೆಕ್ಸ್ ಸಂಕೇತವನ್ನು ಬರಹ ಓದುವ ಘಟಕ ತುಣುಕು ತುಣುಕಾಗಿ ಒಡೆದು ಓದುತ್ತದೆ. ಆ ತುಣುಕುಗಳನ್ನು ಅಳತೆಯ ಅಂಕೆಗಳಾಗಿ ಅದು ಕಾಣುವುದಿಲ್ಲ. ಕೆಲವು ಹೊಸ ಮಾದರಿಗಳು ಸಂಕೇತ ಕಂಡರೆ ಆ ಬಣ್ಣದ ಹತ್ತಿರಕ್ಕೆ ಬರುತ್ತವೆ, ನಿಜ. ಆದರೂ ಸಂಕೇತ ಹೇಳುವುದು ಬೆಳಕೇ ಇಲ್ಲದ ಚಪ್ಪಟೆ ಬಣ್ಣವನ್ನು. ಚಿತ್ರದಲ್ಲಿ ಕಾಣುವುದು ಲೇಪದ ಬಣ್ಣಕ್ಕೆ ದೃಶ್ಯದ ಬೆಳಕು ಸೇರಿ ಹುಟ್ಟುವ ಬಣ್ಣ. ಸಂಜೆಯ ಹೊಂಬಿಸಿಲನ್ನು ಕೇಳಿದ ಮೇಲೆ ಸಂಕೇತದ ಬಣ್ಣ ಹಾಗೆಯೇ ಉಳಿಯಬೇಕೆಂದು ಬಯಸುವುದೇ ಒಂದಕ್ಕೊಂದು ಹೊಂದದ ಬೇಡಿಕೆ. ಹಳದಿ ಅಂಕ ಏರಿದ್ದರಲ್ಲಿ ಆ ಬಿಸಿಲಿನ ಪಾಲಿತ್ತು ಎಂದು ಹೇಳಲು ಆಧಾರವೂ ಚಿತ್ರದಲ್ಲೇ ಇತ್ತು: ಹಿಂದಿದ್ದ ಬಿಳಿ ಬಟ್ಟೆಯೂ ಹಳದಿಗೆ ತಿರುಗಿತ್ತು.

ಮಾರಾಟದ ಹೆಸರಿನದು ಇನ್ನೊಂದು ತೊಂದರೆ. ಹೆಸರಿನಲ್ಲಿ ಗುಲಾಬಿ, ವರ್ಣನೆಯಲ್ಲಿ ಗುಲಾಬಿ. ಹಲವು ಚಿತ್ರಗಳಲ್ಲಿ ಕೈ ಪಕ್ಕದಲ್ಲಿ ಹೂವಿನ ಎಸಳುಗಳೇ ಬಂದು ಕುಳಿತಿದ್ದವು. ವಸ್ತುವಿನ ಹೆಸರನ್ನು ಬಣ್ಣಕ್ಕಾಗಿ ಬಳಸಿದಾಗ, ಆ ವಸ್ತುವೂ ಅದರ ಹೊಳಪೂ ಲೇಪದೊಳಗೆ ಸೋರುತ್ತವೆ. ಚೆರ್ರಿ, ವೈನ್, ಚಾಕಲೇಟ್ ಎಂದವರಿಗೂ ಇದೇ ಅನುಭವವಾಗುತ್ತದೆ. ಚೆರ್ರಿ ಎಂದರೆ ಮ್ಯಾಟ್ ಲೇಪಕ್ಕೂ ಹಣ್ಣಿನ ಮಿರುಗು ಬರುತ್ತದೆ. ಇನ್ನು ‘ಲಕ್ಷುರಿ’, ‘ಗ್ಲೋಯಿಂಗ್’ ಎಂಬ ಪದಗಳು ಬಣ್ಣದ ಬಗ್ಗೆ ಏನನ್ನೂ ಹೇಳದಿದ್ದರೂ ಬಣ್ಣವನ್ನು ಕೆಡಿಸುತ್ತವೆ, ಏಕೆಂದರೆ ಅಂಥ ಪದಗಳೊಡನೆ ಕಲಿತ ಚಿತ್ರಗಳು ಬಹುಪಾಲು ಜಾಹೀರಾತಿನ, ಬಣ್ಣ ಏರಿಸಿದ ಚಿತ್ರಗಳು. ಮಂಕುಬಣ್ಣದ ಲಿಪ್‌ಸ್ಟಿಕ್‌ಗೆ ಈ ಪದಗಳಷ್ಟು ಹಾನಿ ಮಾಡುವುದು ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಸೂಚನೆಯಿಂದ ಅವನ್ನಷ್ಟೇ ತೆಗೆದು ಉಳಿದದ್ದನ್ನು ಹಾಗೆಯೇ ಬಿಟ್ಟು ರಚಿಸಿದಾಗಲೇ ಕೆಂಪಿನ ಅಂಕ ಕಣ್ಣಿಗೆ ಕಾಣುವಷ್ಟು ಇಳಿಯಿತು.

ಹೊಸ ವರ್ಣನೆಯನ್ನು ಬರೆಯುವಾಗ ಅಳತೆಯ ಮೂರು ಅಂಕಗಳನ್ನೇ ಮಾತಾಗಿ ಬಿಡಿಸಿದೆವು. ತಿಳಿತನ 42 ಎಂದರೆ ಮಧ್ಯಮಕ್ಕಿಂತ ತುಸು ಗಾಢ. ಕೆಂಪಿಗೆ ಹೋಲಿಸಿದರೆ ಹಳದಿಯ ಅಂಶ ಅರ್ಧದಷ್ಟಿರುವುದರಿಂದ ಇದು ಸ್ವಲ್ಪವೇ ಬೆಚ್ಚಗಿನ ಅಂಡರ್‌ಟೋನ್. ಹಳದಿ ಸೊನ್ನೆಯ ಬಳಿಗೆ ಬಂದಿದ್ದರೆ ನೀಲಿ ಬೆರೆತ ತಂಪು ಗುಲಾಬಿ ಎನ್ನಬೇಕಾಗುತ್ತಿತ್ತು, ಕೆಂಪಿನಷ್ಟೇ ಏರಿದ್ದರೆ ಇಟ್ಟಿಗೆ ಬಣ್ಣ. ಎರಡೂ ಅಂಕಗಳು ದೊಡ್ಡವಲ್ಲವಾದ್ದರಿಂದ ಬಣ್ಣದ ತೀವ್ರತೆ ಕಡಿಮೆ, ಅಂದರೆ ಮಂಕು. ಈ ಮೂರನ್ನೂ ಹೇಳಿದ ಮೇಲೆ ಲೇಪದ ಮುಚ್ಚುವಿಕೆ, ಮೇಲ್ಮೈ ಮತ್ತು ಬೆಳಕು. ಮೇಲ್ಮೈಯನ್ನು ಬಿಡಬಾರದು: ಒಣ ಕುಂಕುಮಕ್ಕೆ ಒಂದು ಹನಿ ಎಣ್ಣೆ ಬಿದ್ದಾಗ ಅದು ಗಾಢವಾಗಿ, ಹೆಚ್ಚು ಕೆಂಪಾಗಿ ಕಾಣುವಂತೆ, ಅದೇ ಬಣ್ಣದ್ರವ್ಯ ಹೊಳೆಯುವ ಲೇಪದಲ್ಲಿ ಬೇರೆಯದೇ ಶೇಡ್ ಆಗಿ ಕಾಣುತ್ತದೆ. ಮಾದರಿಗೆ ಹೊಳಪು ಬೇಡ, ಕಿತ್ತಳೆ ಬೇಡ ಎಂದು ನಿಷೇಧದ ಮಾತಿನಲ್ಲಿ ಹೇಳುವುದು ಅಪಾಯಕರ. ಮುಖ್ಯ ಸೂಚನೆಯೊಳಗೆ ಕಿತ್ತಳೆ ಎಂಬ ಪದ ಬಂದರೆ ಕಿತ್ತಳೆಯೇ ಬರುವುದುಂಟು, ನಿಷೇಧ ಎಷ್ಟೋ ಸಲ ಲೆಕ್ಕಕ್ಕೇ ಬರುವುದಿಲ್ಲ. ನಕಾರಾತ್ಮಕ ಸೂಚನೆಗೆ ಪ್ರತ್ಯೇಕ ಜಾಗವಿರುವ ಉಪಕರಣದಲ್ಲಿ ಅಲ್ಲಿ ಬರೆಯಬೇಕು, ಇಲ್ಲದಿದ್ದರೆ ಬೇಕಾದದ್ದನ್ನು ಮಾತ್ರ ಹೇಳಬೇಕು. ಹೊಳಪು ಬೇಡವೆನ್ನುವ ಬದಲು ಒಣಗಿದ, ಪುಡಿಯಂಥ ಮೇಲ್ಮೈ ಎಂದೆವು.

```
one straight swatch of opaque matte lipstick on inner forearm,
medium-deep muted brownish rose, slightly warm, low saturation,
dry powdery surface, clearly darker than the light skin around it,
soft even neutral daylight, plain light grey background
```

ತಿಳಿ ಬೂದು ಹಿನ್ನೆಲೆ ಅಲಂಕಾರಕ್ಕಾಗಿ ಇಟ್ಟದ್ದಲ್ಲ. ಚಿತ್ರ ಬಂದ ಕೂಡಲೇ ಮೊದಲು ಆ ಹಿನ್ನೆಲೆಯನ್ನೇ ಓದುತ್ತಿದ್ದೆವು. ಅಲ್ಲಿ ಕೆಂಪು, ಹಸಿರು, ನೀಲಿ ಮೌಲ್ಯಗಳು ಹೆಚ್ಚುಕಡಿಮೆ ಸಮವಾಗಿದ್ದರೆ ದೃಶ್ಯದ ಬೆಳಕು ತಟಸ್ಥವಾಗಿದೆ ಎಂದು ತಿಳಿದು, ಆಮೇಲೆ ಸ್ವಾಚ್ ಕಡೆಗೆ ಹೋಗುತ್ತಿದ್ದೆವು. ಹಿನ್ನೆಲೆಯೇ ಹಳದಿಯಾಗಿದ್ದರೆ ಲೇಪವನ್ನು ಅಳೆಯುವುದು ವ್ಯರ್ಥ. ಈ ಸೂಚನೆಯಿಂದ, ರಚನೆ ಯಾವ ಆಕಸ್ಮಿಕ ಆರಂಭದಿಂದ ಹೊರಡಬೇಕೆಂದು ಹೇಳುವ ಸೀಡ್ ಸಂಖ್ಯೆಯನ್ನು ಬದಲಿಸದೆ ರಚಿಸಿದ ಚಿತ್ರದಲ್ಲಿ ಸ್ವಾಚ್‌ನ ಅಂಕಗಳು 45, 32, 15 ಎಂದು ಬಂದವು. ಅಂತರ 20ರಿಂದ ಸುಮಾರು 6ಕ್ಕೆ ಇಳಿಯಿತು. ಪದಗಳು ತಲುಪಿಸಬಲ್ಲ ಗಡಿ ಬಹುಶಃ ಇದೇ. ಇನ್ನಷ್ಟು ವಿಶೇಷಣಗಳನ್ನು ಸೇರಿಸಿದಾಗ ಬಣ್ಣ ಹತ್ತಿರವಾಗುವ ಬದಲು ಒಂದು ಸೀಡ್‌ನಿಂದ ಇನ್ನೊಂದಕ್ಕೆ ತೂಗಾಡತೊಡಗಿತು.

ಗೋಧಿಬಣ್ಣದ, ಅಂದರೆ ತಿಳಿತನ 52ರ ಸುಮಾರಿನ ಮುಂಗೈಗೆ ‘ಸ್ವಲ್ಪ ಗಾಢ’ ಎಂದು ಬದಲಿಸಿದ್ದು ಬಿಟ್ಟರೆ ಹೆಚ್ಚೇನೂ ತೊಡಕಾಗಲಿಲ್ಲ. ನಿಜವಾದ ತೊಡಕು ಬಂದದ್ದು ಮೂರನೆಯ ಮುಂಗೈಯಲ್ಲಿ. ಗಾಢ ಕಂದು ಮೈಬಣ್ಣ ಎಂದು ಬದಲಿಸಿ, ಚರ್ಮದೊಡನೆ ಹೋಲಿಸುವ ಮಾತನ್ನು ತೆಗೆದು, ಉಳಿದ ಸೂಚನೆಯನ್ನು ಹಾಗೆಯೇ ಇಟ್ಟಾಗ ಸ್ವಾಚ್ ಏಕಾಏಕಿ ವೈನ್ ಬಣ್ಣಕ್ಕೆ ತಿರುಗಿತು: 29, 30, 8. ಅಂತರ ಮತ್ತೆ 15ರ ಹತ್ತಿರಕ್ಕೆ ಏರಿತು. ಸಂಸ್ಥೆಯ ಹಳೆಯ ಚಿತ್ರಗಳನ್ನು ತೆಗೆದು ನೋಡಿದರೆ ಅಲ್ಲೂ ಇದೇ ನಡೆದಿತ್ತು. ಮೈಬಣ್ಣ ಗಾಢವಾದಷ್ಟೂ ಲಿಪ್‌ಸ್ಟಿಕ್ ಕೂಡ ಗಾಢವಾಗಿ, ನೇರಳೆಯತ್ತ ಸರಿದಿತ್ತು. ಯಾರ ಕಣ್ಣಿಗೂ ಅದು ತಪ್ಪೆಂದು ಬಿದ್ದಿರಲಿಲ್ಲ, ಏಕೆಂದರೆ ಪ್ರತಿ ಚಿತ್ರವೂ ತನ್ನಷ್ಟಕ್ಕೆ ಒಪ್ಪುವಂತೆಯೇ ಇತ್ತು.

ಇಲ್ಲಿ ಲೆಕ್ಕವನ್ನು ನಿಧಾನವಾಗಿ ನೋಡಬೇಕು. ತಿಳಿಬಣ್ಣದ ಮುಂಗೈಯ ತಿಳಿತನ 66 ಇದ್ದರೆ ನಮ್ಮ ಲೇಪ ಅದಕ್ಕಿಂತ 24 ಅಂಕ ಗಾಢ. ಆದರೆ ತಿಳಿತನ 38 ಇರುವ ಗಾಢ ಮುಂಗೈಯ ಮೇಲೆ, 42 ಅಂಕದ ಲೇಪ ಚರ್ಮಕ್ಕಿಂತ 4 ಅಂಕ ತಿಳಿಯಾಗಿರಬೇಕು. ಅಂದರೆ ಸಂಬಂಧವೇ ತಲೆಕೆಳಗಾಗುತ್ತದೆ. ಲಿಪ್‌ಸ್ಟಿಕ್ ಎಂದರೆ ಸುತ್ತಲಿನ ಚರ್ಮಕ್ಕಿಂತ ಗಾಢವಾಗಿರುವ ಪಟ್ಟಿ ಎಂಬ ಒಲವು ಮಾದರಿಯಲ್ಲಿ ಬಲವಾಗಿರುವಂತೆ ತೋರುತ್ತದೆ. ಅದಕ್ಕೆ ತಕ್ಕಂತೆ ಅದು ಲೇಪವನ್ನು ಚರ್ಮಕ್ಕಿಂತ ಕೆಳಗೆ ತಳ್ಳುತ್ತದೆ. ಆದ್ದರಿಂದ ಗಾಢ ಮೈಬಣ್ಣಕ್ಕೆ ಬರೆಯುವ ಸೂಚನೆಯಲ್ಲಿ ಲೇಪದ ಬಣ್ಣವನ್ನಷ್ಟೇ ಹೇಳಿದರೆ ಸಾಲದು, ಅದು ಚರ್ಮಕ್ಕೆ ಹೋಲಿಸಿದರೆ ಹೇಗಿದೆ ಎಂಬುದನ್ನೂ ಹೇಳಬೇಕು.

```
deep brown skin; the lipstick is slightly lighter and
clearly redder than the skin around it
```

ಈ ಸಾಲು ಸೇರಿದ ಮೇಲೆ 39, 29, 13 ಬಂತು. ಅಂತರ 4ಕ್ಕಿಂತ ಕಡಿಮೆ. ಆದರೆ ಚಿತ್ರವನ್ನು ನೋಡಿದ ಒಡತಿಗೆ ಸಮಾಧಾನವಾಗಲಿಲ್ಲ. ತಿಳಿ ಕೈಯ ಮೇಲೆ ಗಾಢವಾಗಿ ಕಾಣುವ ಲೇಪ ಗಾಢ ಕೈಯ ಮೇಲೆ ಪೇಲವವಾಗಿ, ಸ್ವಲ್ಪ ಹೆಚ್ಚೇ ಗುಲಾಬಿಯಾಗಿ ಕಾಣುತ್ತಿದೆ, ಎರಡೂ ಒಂದೇ ಅಲ್ಲ ಎಂಬುದು ಅವರ ವಾದವಾಗಿತ್ತು. ನೆರೆಯ ಬಣ್ಣ ನಮ್ಮ ಕಣ್ಣಿನ ತೀರ್ಪನ್ನು ಬದಲಿಸುತ್ತದೆ. ಇದು ನಿಜವಾದ ಕೈಗಳ ಮೇಲೂ ಹೀಗೆಯೇ ಕಾಣಬೇಕು. ಎರಡೂ ಸ್ವಾಚ್‌ಗಳ ನಡುಭಾಗವನ್ನು ಕತ್ತರಿಸಿ ಒಂದೇ ಬೂದು ಹಾಳೆಯ ಮೇಲೆ ಅಂಟಿಸಿ ತೋರಿಸಿದಾಗ ಅವರು ಒಪ್ಪಿದರು. ಆ ಭೇದವನ್ನು ಅಳಿಸಲು ಲೇಪವನ್ನು ಗಾಢಗೊಳಿಸಿದ್ದರೆ, ಗಾಢ ಮೈಬಣ್ಣದ ಗಿರಾಕಿಗೆ ತಿಳಿಯಬೇಕಾದ ಮುಖ್ಯ ಸಂಗತಿಯನ್ನೇ, ಅಂದರೆ ಈ ಶೇಡ್ ತನ್ನ ಮೇಲೆ ತಿಳಿಯಾಗಿ ಎದ್ದು ಕಾಣುತ್ತದೆ ಎಂಬುದನ್ನೇ, ಮುಚ್ಚಿಟ್ಟಂತಾಗುತ್ತಿತ್ತು.

ಉಳಿದ ಅಂತರವನ್ನು ಅಳತೆಯಿಂದ ತಿದ್ದಿದೆವು. ಲೇಪದ ಭಾಗವನ್ನು ಮಾತ್ರ ಆಯ್ದು ಮಾಸ್ಕ್ ಮಾಡಿ, ಹೊಳಪಿನ ಬಿಂದುಗಳನ್ನು ಹೊರಗಿಟ್ಟು, ಉಳಿದ ಪಿಕ್ಸೆಲ್‌ಗಳ ಮಧ್ಯಮ ಬಣ್ಣ ಗುರಿಯ ಬಣ್ಣಕ್ಕೆ ಬರುವಂತೆ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಸರಿಸುವುದು ಇದರ ಕ್ರಮ.

```python
import numpy as np
from skimage.color import rgb2lab, lab2rgb

lab = rgb2lab(img)
m = mask & (lab[..., 0] < 62)
d = np.array([42, 27, 14]) - np.median(lab[m], axis=0)
lab[m] += d
img = lab2rgb(lab)
```

ಎಲ್ಲ ಪಿಕ್ಸೆಲ್‌ಗಳೂ ಸಮನಾಗಿ ಸರಿಯುವುದರಿಂದ ತುಟಿಯ ಗೆರೆಗಳೂ ನೆರಳೂ ಹಾಗೆಯೇ ಉಳಿಯುತ್ತವೆ. ತುಟಿಯ ಮೇಲೆ ಒಂದೇ ಬಣ್ಣವನ್ನು ಸುರಿದರೆ ಕಾಗದ ಅಂಟಿಸಿದಂತೆ ಚಪ್ಪಟೆಯಾಗುತ್ತದೆ. ಇಲ್ಲಿ 62 ಎಂಬ ಮಿತಿ ಈ ಶೇಡ್‌ಗೆ ಹೊಂದಿದ್ದು, ತಿಳಿಯಾದ ಶೇಡ್‌ಗೆ ಅದನ್ನು ಏರಿಸಬೇಕಾಗುತ್ತದೆ. ಮಿತಿಯ ಬಳಿ ಗೆರೆ ಕೊರೆದಂತೆ ಕಂಡರೆ ತಿದ್ದುಪಡಿಯನ್ನು ಹೊಳಪಿನತ್ತ ಹೋದಂತೆ ಮೆಲ್ಲನೆ ಕಡಿಮೆ ಮಾಡಬೇಕು, ಮಾಸ್ಕ್‌ನ ಅಂಚನ್ನೂ ಕೆಲವು ಪಿಕ್ಸೆಲ್‌ಗಳಷ್ಟು ಮೃದುಗೊಳಿಸಬೇಕು. ಅಂತರ ಹೆಚ್ಚಿರುವಾಗ ಈ ಉಪಾಯ ಕೆಲಸಕ್ಕೆ ಬಾರದು. 29ರ ವೈನ್ ಬಣ್ಣವನ್ನು ಬಲವಂತವಾಗಿ 42ಕ್ಕೆ ಎತ್ತಿ ನೋಡಿದಾಗ ನೆರಳುಗಳೆಲ್ಲ ಬೂದಿ ಬಳಿದಂತಾದವು. ಅಂತರ 10 ದಾಟಿದರೆ ತಿದ್ದುವ ಬದಲು ಹೊಸದಾಗಿ ರಚಿಸುವುದೇ ಮೇಲು ಎಂದು ನಾವು ನಿಯಮ ಮಾಡಿಕೊಂಡೆವು.

ತಿದ್ದಿದ ಮೇಲೆ ಚಿತ್ರ ಮತ್ತೆ ಮಾದರಿಯೊಳಗೆ ಹೋಗಬಾರದು ಎಂಬುದನ್ನೂ ಸಂಸ್ಥೆಯವರಿಗೆ ಒತ್ತಿ ಹೇಳಬೇಕಾಯಿತು. ಚಿತ್ರವನ್ನು ದೊಡ್ಡದು ಮಾಡಲು ಅಥವಾ ಚರ್ಮದ ವಿವರ ಹೆಚ್ಚಿಸಲು ಅವರು ಕೊನೆಯಲ್ಲಿ ಇನ್ನೊಂದು ಸುತ್ತು ನಡೆಸುತ್ತಿದ್ದರು, ಆ ಸುತ್ತು ಬಣ್ಣವನ್ನು ಪುನಃ ಕದಲಿಸುತ್ತಿತ್ತು. ಹಿಗ್ಗಿಸುವಿಕೆ ಮೊದಲು, ಬಣ್ಣದ ತಿದ್ದುಪಡಿ ಕೊನೆಗೆ. ಉಳಿಸುವಾಗ sRGB ಪ್ರೊಫೈಲ್ ಕಡತದೊಳಗೇ ಇರಬೇಕು. ಜೆಪೆಗ್ ಆಗಿ ಉಳಿಸುವುದಾದರೆ ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಸುವ 4:2:0 ಬದಲು 4:4:4 ಆಯ್ದುಕೊಂಡರೆ, ತುಟಿಯ ತೆಳುವಾದ ಅಂಚಿನಲ್ಲಿ ಲೇಪದ ಬಣ್ಣ ಚರ್ಮಕ್ಕೆ ಹರಡುವುದು ತಪ್ಪುತ್ತದೆ. ಇಷ್ಟೆಲ್ಲ ಮಾಡಿದರೂ ಗಿರಾಕಿಯ ಫೋನ್ ಬಣ್ಣ ಏರಿಸುವ ವಿವಿಡ್ ವಿಧಾನದಲ್ಲಿದ್ದರೆ ಮಂಕು ಗುಲಾಬಿ ಸ್ವಲ್ಪ ಕೆಂಪಾಗಿಯೇ ಕಂಡೀತು. ಅದು ನಮ್ಮ ಕೈಯಲ್ಲಿಲ್ಲ.

ಕೊನೆಗೆ ಸಂಸ್ಥೆ ಒಪ್ಪಿಕೊಂಡ ಏರ್ಪಾಡು ಹೀಗಿದೆ. ಪ್ರತಿ ಮ್ಯಾಟ್ ಶೇಡ್‌ನ ಪುಟದಲ್ಲಿ ಮೊದಲ ಚಿತ್ರ ನಿಜವಾದ ಸ್ವಾಚ್‌ನ ಛಾಯಾಚಿತ್ರ, ಅದರ ಪಕ್ಕದಲ್ಲಿ ಮೂರು ಮೈಬಣ್ಣಗಳ ರಚಿತ ಚಿತ್ರಗಳು. ಅವು ಯಂತ್ರರಚಿತವೆಂಬ ಒಂದು ಸಾಲು ಅಡಿಯಲ್ಲಿ. ಮೂಲ ಸ್ವಾಚ್‌ನಿಂದ ಅಂತರ 3 ಮೀರಿದ ಚಿತ್ರ ಪುಟಕ್ಕೆ ಹೋಗುವಂತಿಲ್ಲ. ಚರ್ಮ ಇಣುಕುವ ತೆಳು ಲಿಪ್ ಗ್ಲಾಸ್ ಶೇಡ್‌ಗಳನ್ನು ಮಾತ್ರ ಈ ಕ್ರಮದಿಂದ ಹೊರಗಿಟ್ಟೆವು. ಅವುಗಳ ಬಣ್ಣ ಅಡಿಯಲ್ಲಿರುವ ತುಟಿ ಮತ್ತು ಚರ್ಮವನ್ನು ಅವಲಂಬಿಸಿ ನಿಜವಾಗಿಯೂ ಬದಲಾಗುವುದರಿಂದ, ಮೂರೂ ಕೈಗಳಿಗೆ ಹೊಂದುವ ಒಂದೇ ಗುರಿಯ ಅಂಕವೆಂಬುದು ಅಲ್ಲಿ ಇರುವುದಿಲ್ಲ. ಮೂರು ಬೇರೆ ಬೇರೆ ಕೈಗಳ ಮೇಲೆ ಹಚ್ಚಿ ಅಳೆಯಲೇಬೇಕು. ಅಳೆಯಲು ಮೂವರನ್ನು ಹೇಗೂ ಕರೆಸಬೇಕಾದ್ದರಿಂದ, ಆ ಶೇಡ್‌ಗಳ ಚಿತ್ರಗಳನ್ನು ಕ್ಯಾಮೆರಾದಲ್ಲೇ ತೆಗೆಯಲಾಯಿತು.